‘ಬದ್ಧಕೋನಾಸನ’ ಅಂತ ಯಾರೂ ಹುಡುಕೋದಿಲ್ಲ

ಮೈಸೂರಿನಲ್ಲಿ ಯೋಗ ಕಲಿಸುವ ನನ್ನ ತಂಗಿ ಬ್ಲಾಗಿಗೆ ಮೊದಲು ಬರೆದದ್ದು ‘ಬದ್ಧಕೋನಾಸನದ ಪ್ರಯೋಜನಗಳು’. ಲೇಖನ ಚೆನ್ನಾಗಿತ್ತು, ಓದೋಕೆ ಮಾತ್ರ ಯಾರೂ ಬರಲಿಲ್ಲ. ಆಸನದ ಹೆಸರು ಗೊತ್ತಿರುವುದು ಕಲಿಸುವವರಿಗೆ. ಹುಡುಕುವವರಿಗೆ ಗೊತ್ತಿರುವುದು ತಮ್ಮ ನೋವು, ಅಷ್ಟೇ ಅಲ್ವಾ?

ಆ ನೋವನ್ನು ಅವರು ಯಾವ ಮಾತಲ್ಲಿ ಹೇಳುತ್ತಾರೆ ಅಂತ ಗೂಗಲ್ಲೇ ತೋರಿಸುತ್ತದೆ. ಟೈಪ್ ಮಾಡುತ್ತಿದ್ದಂತೆ ಕೆಳಗೆ ಇಳಿಯುವ ಆ ಸಾಲುಗಳನ್ನು 2004ರಲ್ಲಿ ಮೊದಲು ಮಾಡಿದ್ದು ಕೆವಿನ್ ಗಿಬ್ಸ್ ಅನ್ನೋ ಎಂಜಿನಿಯರ್. ಇದು ಮನಸ್ಸು ಓದೋ ಮಾಯೆ ಏನಲ್ಲ. ದಿನಾ ಅದೇ ರೂಟಿನಲ್ಲಿ ಹೋಗುವ ಬಸ್ ಕಂಡಕ್ಟರನ್ನು ನೆನೆಸಿಕೊಳ್ಳಿ. ನೀವು ‘ನಂ...’ ಅನ್ನುವಷ್ಟರಲ್ಲಿ ಅವರು ನಂಜನಗೂಡಿಗೆ ಟಿಕೆಟ್ ಹರಿಯುತ್ತಾರೆ, ಯಾಕಂದ್ರೆ ಹತ್ತುವವರಲ್ಲಿ ಜಾಸ್ತಿ ಜನ ಕೇಳೋದು ಅದನ್ನೇ. ಊರು ಬದಲಾದರೆ ಊಹೆಯೂ ಬದಲಾಗುತ್ತದೆ. ನೀವು ಅವರಿಗೆ ದಿನಾ ಸಿಗುವವರಾದರೆ ನಿಮ್ಮ ಊರು ಮೊದಲೇ ನೆನಪಿರುತ್ತದೆ. ಅದಕ್ಕೇ ಹುಡುಕುವಾಗ ಇನ್‌ಕಾಗ್ನಿಟೋ ಕಿಟಕಿ ತೆರೆಯಬೇಕು, ಇಲ್ಲದಿದ್ದರೆ ನಿಮ್ಮದೇ ಹಳೆಯ ಹುಡುಕಾಟ ನಿಮಗೆ ವಾಪಸ್ ಬರುತ್ತದೆ.

ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. `yoga periods` ಅಂತ ಟೈಪ್ ಮಾಡಿ, ಕರ್ಸರನ್ನು ಎರಡು ಪದಗಳ ಮಧ್ಯಕ್ಕೆ ತನ್ನಿ. ಈಗ ಕಂಡಕ್ಟರಿಗೆ ಹತ್ತಿದ ಊರೂ ಗೊತ್ತು, ಇಳಿಯುವ ಊರೂ ಗೊತ್ತು, ನಡುವಿನ ದಾರಿಯನ್ನು ಅವರು ತುಂಬುತ್ತಾರೆ. ತಂಗಿಗೆ ಸಿಕ್ಕಿದ್ದರಲ್ಲಿ ಎರಡು ಸಾಲು: `yoga during periods`, `yoga for irregular periods`. ನೋಡೋಕೆ ಒಂದೇ ವಿಷಯ, ಕೇಳುತ್ತಿರುವವರು ಮಾತ್ರ ಬೇರೆ. ಮೊದಲನೆಯವಳಿಗೆ ಇವತ್ತು ಹೊಟ್ಟೆನೋವು, ಇವತ್ತು ಆಸನ ಮಾಡಬಹುದಾ ಅನ್ನೋದು ಅವಳ ಪ್ರಶ್ನೆ. ಎರಡನೆಯವಳು ತಿಂಗಳುಗಟ್ಟಲೆ ಕಾಯುತ್ತಿದ್ದಾಳೆ. ಇಬ್ಬರಿಗೂ ಸೇರಿಸಿ ಒಂದೇ ಲೇಖನ ಬರೆದರೆ ಇಬ್ಬರೂ ಅರ್ಧಕ್ಕೇ ಎದ್ದು ಹೋಗುತ್ತಾರೆ. `can we do yoga` ಅಂತಲೂ ಹಾಕಿ ನೋಡಿ. ನಮ್ಮವರ ಇಂಗ್ಲಿಷಿನಲ್ಲಿ ‘ಮಾಡಬಹುದಾ’ ಅನ್ನೋದು ಹೀಗೇ ಬರೋದು. ‘ಮುಟ್ಟಾದಾಗ ಯೋಗ ಮಾಡಬಹುದಾ’ ಅಂತ ಕ್ಲಾಸಿನಲ್ಲಿ ಎಲ್ಲರೆದುರು ಕೇಳೋಕೆ ಮುಜುಗರಪಡುವವರು ಫೋನಿನಲ್ಲಿ ಕೇಳುತ್ತಾರೆ, ಮೈಲಿಗೆ ಅನ್ನೋ ಭಯವನ್ನು ಮನಸ್ಸಲ್ಲಿಟ್ಟುಕೊಂಡೇ ಕೇಳುತ್ತಾರೆ. ಅವರಿಗೆ ನೇರ ಉತ್ತರ ಮೊದಲ ಸಾಲಿನಲ್ಲೇ ಸಿಗಬೇಕು.

ಆದರೆ ಈ ಪಟ್ಟಿಯಲ್ಲಿ ಲೆಕ್ಕ ಇರೋದಿಲ್ಲ. ಎಷ್ಟು ಜನ ಕೇಳಿದರು ಅಂತ ಅದು ಹೇಳೋದಿಲ್ಲ. ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡೂ ಸಾಲು ಹಾಕಿ, ಕರ್ನಾಟಕ ಅಂತ ಆರಿಸಿ ಹೋಲಿಸಬಹುದು. ಅಲ್ಲಿ ಕಾಣುವ 0ರಿಂದ 100ರ ಅಂಕಿಯೂ ಜನರ ಸಂಖ್ಯೆಯಲ್ಲ, ಒಂದಕ್ಕೊಂದು ಎಷ್ಟು ಅನ್ನೋ ಅಳತೆ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಯಾರೂ ಕೇಳಿಲ್ಲ ಅಂತಲೂ ಅಲ್ಲ. ದಿನದ ಹುಡುಕಾಟಗಳಲ್ಲಿ ಸುಮಾರು 15% ಹಿಂದೆಂದೂ ಬಂದಿಲ್ಲದವು ಅಂತ ಗೂಗಲ್ಲೇ ಹೇಳುತ್ತದೆ.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಭಯ. ಪ್ರಶ್ನೆ ಸಿಕ್ಕಿತು ಅಂತ ‘ಈ ಆಸನದಿಂದ ಮುಟ್ಟು ಸರಿಹೋಗುತ್ತೆ’ ಅಂತ ಸುಮ್ನೆ ಬರೆಯಬಾರದು. ಮುಟ್ಟು ತಪ್ಪೋದಕ್ಕೆ ಥೈರಾಯ್ಡ್, ಪಿಸಿಓಎಸ್, ಗರ್ಭ ಯಾವುದಾದರೂ ಕಾರಣ ಇರಬಹುದು. ತಂಗಿ ಆ ಎರಡನೇ ಲೇಖನವನ್ನು ಶುರು ಮಾಡಿದ್ದೇ ಹೀಗೆ: ‘ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಮ್ಯಾಟ್ ಹಾಸೋಣ.’