ಫ್ರಿಂಜ್ ಬೆಳೆಸುವಾಗ ಟ್ರಿಮ್ ಮಾಡಬಹುದಾ?

ಪ್ರಶ್ನೆ: ಹುಬ್ಬಿನ ಮಟ್ಟಕ್ಕೆ ನೇರವಾಗಿ ಕತ್ತರಿಸಿದ್ದ ಫ್ರಿಂಜ್ ಬೆಳೆಸುತ್ತಿದ್ದೇನೆ. ಉಳಿದ ಕೂದಲು ಭುಜದಿಂದ ಕೆಳಗಿದೆ. ಫ್ರಿಂಜ್ ಈಗ ಕಣ್ಣಿಗೆ ಚುಚ್ಚುತ್ತದೆ, ಕಿವಿ ಹಿಂದೆ ಸಿಕ್ಕಿಸಿದರೆ ನಿಲ್ಲುವುದಿಲ್ಲ, ಪಿನ್ ಹಾಕಿದರೆ ಜಾರುತ್ತದೆ. ಟ್ರಿಮ್ ಮಾಡಿಸಿದರೆ ಮತ್ತೆ ಮೊದಲಿಂದ ಶುರು ಅಲ್ವಾ? ಸುಮ್ನೆ ಬಿಟ್ಟುಬಿಡಲಾ?

ಉತ್ತರ: ಸುಮ್ನೆ ಬಿಡಬೇಡಿ, ಟ್ರಿಮ್ ಮಾಡಿಸಿ. ಆದರೆ ಎಲ್ಲಿ ಕತ್ತರಿ ಹಾಕಬೇಕು ಅನ್ನುವುದನ್ನು ನೀವೇ ಹೇಳಬೇಕು.

ಫ್ರಿಂಜ್ ವಿಚಿತ್ರವಾಗಿ ಕಾಣುವುದಕ್ಕೆ ಅದರ ಉದ್ದ ಒಂದೇ ಕಾರಣವಲ್ಲ. ಕನ್ನಡಿ ಮುಂದೆ ನಿಂತು ನೋಡಿ. ಫ್ರಿಂಜ್ ಮೂಗಿನ ಮೇಲ್ಭಾಗಕ್ಕೆ ಮುಗಿಯುತ್ತದೆ. ಅದರ ಪಕ್ಕದ ಎಳೆ ನೇರವಾಗಿ ಭುಜಕ್ಕೆ ಇಳಿಯುತ್ತದೆ. ನಡುವೆ ಏನೂ ಇಲ್ಲ. ಕಣ್ಣಿಗೆ ಹೊಡೆಯುವುದು ಈ ಖಾಲಿ ಜಾಗವೇ. ಫ್ರಿಂಜ್ ಭುಜ ಮುಟ್ಟುವವರೆಗೆ ಕಾಯುತ್ತೇನೆ ಅಂದರೆ ಎರಡು ವರ್ಷಕ್ಕೂ ಜಾಸ್ತಿ ಬೇಕು. ಪಕ್ಕದ ಕೂದಲನ್ನೇ ಸ್ವಲ್ಪ ಮೇಲಕ್ಕೆ ತಂದರೆ ಒಂದೇ ದಿನದಲ್ಲಿ ಆ ಜಾಗ ತುಂಬುತ್ತದೆ.

ಸಲೂನಿಗೆ ಹೋದಾಗ ಹೀಗೆ ಹೇಳಿ: "ಫ್ರಿಂಜ್‌ನ ಎರಡೂ ತುದಿ ಮುಟ್ಟಬೇಡಿ. ಅದರ ಪಕ್ಕದ ಕೂದಲಿಗೆ ಕೆನ್ನೆಯಿಂದ ಗದ್ದದವರೆಗೆ ಓರೆಯಾಗಿ ಲೇಯರ್ ಕೊಡಿ." ಬರೀ "ಟ್ರಿಮ್ ಮಾಡಿ" ಅಂದರೆ ಹಳೇ ಗೆರೆಯನ್ನೇ ನೀಟಾಗಿ ನೇರ ಮಾಡಿ ಕಳಿಸುವ ಸಾಧ್ಯತೆ ಜಾಸ್ತಿ. ಆಗ ನಿಮ್ಮ ಭಯ ನಿಜವಾಗುತ್ತದೆ. ಲೇಯರ್‌ಗೆ ಎರಡೂ ಬದಿಯಿಂದ ತೆಳು ಎಳೆ ಸಾಕು, ದಪ್ಪ ಕೂದಲು ತೆಗೆಯುವ ಅಗತ್ಯವಿಲ್ಲ.

ಇನ್ನು ಫ್ರಿಂಜ್ ವಿಷಯ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಕೆಲವರಿಗೆ ಸ್ವಲ್ಪ ಹೆಚ್ಚುಕಮ್ಮಿ. ಹುಬ್ಬಿನಿಂದ ಮೂಗಿನ ತುದಿಗೆ 6 ಸೆಂ.ಮೀ. ಇದೆ ಅಂದುಕೊಳ್ಳಿ. ಏನೂ ಕತ್ತರಿಸದಿದ್ದರೆ ಆರು ತಿಂಗಳ ದಾರಿ. ಎರಡು ತಿಂಗಳಿಗೊಮ್ಮೆ ನಡುಭಾಗದಲ್ಲಿ ಮಾತ್ರ 2–3 ಮಿ.ಮೀ. ತೆಗೆದರೆ ಆರು ತಿಂಗಳಲ್ಲಿ ಕಳೆದುಕೊಳ್ಳುವುದು ಹೆಚ್ಚೆಂದರೆ 1 ಸೆಂ.ಮೀ. ಅಂದರೆ ಒಂದು ತಿಂಗಳು ತಡ, ಅಷ್ಟೇ. ಅದಕ್ಕೆ ಬದಲಾಗಿ ಫ್ರಿಂಜ್ ನಡುವೆ ಸೀಳಿಕೊಂಡು ಎರಡು ಬದಿಗೆ ಪರದೆಯ ಹಾಗೆ ಸರಿಯುತ್ತದೆ. ತುದಿಗಳು ಬೆಳೆಯುತ್ತಾ ಹೋಗಿ ಆ ಲೇಯರ್ ಜೊತೆ ಸೇರುತ್ತವೆ. ಇದನ್ನೇ ಕರ್ಟನ್ ಬ್ಯಾಂಗ್ಸ್ ಎಂದು ಬೇಕಂತಲೇ ಮಾಡಿಸಿಕೊಳ್ಳುವವರಿದ್ದಾರೆ!

ಈ ಸಣ್ಣ ಕೆಲಸ ಮನೆಯಲ್ಲೇ ಆಗುತ್ತದೆ. ಕೂದಲು ಪೂರ್ತಿ ಒಣಗಿರಬೇಕು. ಒದ್ದೆ ಕೂದಲು ಉದ್ದವಾಗಿ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೆ ಎದ್ದು ಗಾಬರಿ ಹುಟ್ಟಿಸುತ್ತದೆ. ಗುಂಗುರು ಇದ್ದವರಿಗಂತೂ ಇನ್ನೂ ಜಾಸ್ತಿ. ಮೂಗಿನ ನೇರಕ್ಕೆ ಎರಡು ಬೆರಳಿನ ಅಗಲದಷ್ಟು ಕೂದಲು ಮಾತ್ರ ಬಿಟ್ಟುಕೊಂಡು ಉಳಿದದ್ದನ್ನು ಕ್ಲಿಪ್ ಹಾಕಿ ಪಕ್ಕಕ್ಕಿಡಿ. ಎಳೆದು ಹಿಡಿಯಬೇಡಿ. ಕತ್ತರಿಯ ಮೊನೆ ಮೇಲಕ್ಕಿರಲಿ, ಅಂದರೆ ಅಡ್ಡಡ್ಡ ಅಲ್ಲ, ಉದ್ದುದ್ದ. ಹಾಗೆ ತುದಿಯನ್ನು ಅಲ್ಲಲ್ಲಿ ಚೂರು ಚೂರು ಕಚ್ಚಿಸಿ. ನೇರ ಗೆರೆ ಒಡೆದರೆ ಸಾಕು. ಹಲ್ಲಿರುವ ಥಿನ್ನಿಂಗ್ ಕತ್ತರಿ ಮಾತ್ರ ಫ್ರಿಂಜ್ ಹತ್ತಿರ ಬೇಡ. ಅದು ಮಧ್ಯೆ ಮಧ್ಯೆ ತುಂಡು ಕೂದಲು ಬಿಡುತ್ತದೆ. ಕೆಲವು ವಾರಗಳಲ್ಲಿ ಅವು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ, ಬೆಳೆಸಬೇಕಾದದ್ದು ಎರಡು ಉದ್ದ ಆಗುತ್ತದೆ.

ಕತ್ತರಿಗಿಂತ ಹೆಚ್ಚು ಫಲ ಕೊಡುವುದು ಬೈತಲೆ. ಇಷ್ಟು ದಿನ ಫ್ರಿಂಜ್‌ನ ಬುಡ ಮುಂದಕ್ಕೆ ಬಾಗಿ ಅಭ್ಯಾಸವಾಗಿದೆ, ಸುಮ್ನೆ ಬಾಚಣಿಗೆ ಆಡಿಸಿದರೆ ಕೇಳುವುದಿಲ್ಲ. ಮೊದಲು ಬುಡ ಒದ್ದೆ ಮಾಡಿ. ತುದಿ ಒದ್ದೆ ಮಾಡಿ ಪ್ರಯೋಜನವಿಲ್ಲ, ಬಾಗಿರುವುದು ಬುಡ. ಕೂದಲನ್ನೆಲ್ಲ ಹಿಂದಕ್ಕೆ ಬಾಚಿ, ನೆತ್ತಿಯನ್ನು ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ. ಎಲ್ಲಿ ತಾನೇ ಸೀಳಿಕೊಳ್ಳುತ್ತದೋ ಅದು ನಿಮ್ಮ ಸಹಜ ಬೈತಲೆ. ಅದರ ಮೇಲೆ ಅಥವಾ ಅದಕ್ಕೆ ಒಂದು ಬೆರಳು ಪಕ್ಕದಲ್ಲಿ ಬೈತಲೆ ತೆಗೆಯಿರಿ. ಹಣೆಯ ಅಂಚಿನಲ್ಲಿ ಸುಳಿ ಇದ್ದರೆ ಅದರ ವಿರುದ್ಧ ಜಗಳ ಬೇಡ, ಅದು ತಿರುಗುವ ಕಡೆಗೇ ಹೆಚ್ಚು ಕೂದಲು ಬಿಡಿ.

ಒಣಗಿಸುವಾಗ ಡ್ರೈಯರ್ ಗಾಳಿ ಮೇಲಿನಿಂದ ಕೆಳಕ್ಕೆ ಬರಲಿ. ಫ್ರಿಂಜನ್ನು ಬಾಚಣಿಗೆಯಿಂದ ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ಹೊರಳಿಸುತ್ತಾ ಬುಡ ಒಣಗುವವರೆಗೆ ಮಾಡಿ. ಬುಡ ಯಾವ ದಿಕ್ಕಿನಲ್ಲಿ ಒಣಗುತ್ತದೋ ಹಾಗೇ ಕೂರುತ್ತದೆ, ಮತ್ತೆ ಒದ್ದೆಯಾಗುವವರೆಗೆ. ಅದಕ್ಕೇ ಸ್ನಾನ ಮುಗಿದ ತಕ್ಷಣ ಮೊದಲು ಫ್ರಿಂಜ್ ಒಣಗಿಸಿ, ಉಳಿದ ಕೂದಲು ಕಾಯಲಿ. ಡ್ರೈಯರ್ ಇಲ್ಲದಿದ್ದರೆ ಬೇಕಾದ ಕಡೆ ಬಾಚಿ, ಚಪ್ಪಟೆ ಕ್ಲಿಪ್ ಸಡಿಲವಾಗಿ ಇಟ್ಟು ಗಾಳಿಗೆ ಬಿಡಿ.

ಪಿನ್ ಜಾರುತ್ತದೆ ಅಂದಿರಿ. ಸಾಮಾನ್ಯವಾಗಿ ಪಿನ್ನನ್ನು ತಿರುಗುಮುರುಗು ಹಾಕಿರುತ್ತಾರೆ. ಕಪ್ಪು ಪಿನ್ನಿನ ಒಂದು ಕಾಲು ನೇರ, ಇನ್ನೊಂದು ಅಲೆ ಅಲೆ. ಅಲೆ ಇರುವ ಕಾಲು ತಲೆಯ ಕಡೆಗೆ ಹೋಗಬೇಕು, ಕೂದಲನ್ನು ಹಿಡಿಯುವುದು ಅದೇ. ಜಾರುವುದಕ್ಕೆ ಇನ್ನೊಂದು ಕಾರಣ, ಒಂದೇ ಪಿನ್ನಿಗೆ ಇಡೀ ಫ್ರಿಂಜ್ ತುರುಕುವುದು. ಹೀಗೆ ಮಾಡಿ ನೋಡಿ: ಫ್ರಿಂಜ್‌ನ ಅರ್ಧ ಕೂದಲು ತೆಗೆದುಕೊಂಡು, ಹಣೆಯಿಂದ ಹಿಂದಕ್ಕೆ ಎರಡು ಸುತ್ತು ಹೊಸೆಯಿರಿ. ಕಿವಿಯ ಮೇಲ್ಭಾಗಕ್ಕೆ ಬಂದಾಗ ಪಿನ್ನಿನ ಬಾಯಿ ಮುಖದ ಕಡೆಗೆ ಇರುವಂತೆ ಹಿಡಿದು ಹೊಸೆದ ಕೂದಲಿನ ಅಂಚು ಸ್ವಲ್ಪ ಸಿಕ್ಕಿಸಿ, ಅಲ್ಲೇ ಪಿನ್ನನ್ನು ಹಿಂದಕ್ಕೆ ಮಗುಚಿ ಒಳಗೆ ತಳ್ಳಿ. ಹಾಗೆ ಕೂತ ಪಿನ್ ಸಂಜೆವರೆಗೆ ಅಲ್ಲಾಡುವುದಿಲ್ಲ. ಮೇಲಿನ ಉದ್ದ ಕೂದಲಿನಿಂದ ಒಂದು ತೆಳು ಪದರ ಅದರ ಮೇಲೆ ಬಿಟ್ಟರೆ ಕಾಣುವುದೂ ಇಲ್ಲ. ನಯವಾದ ಕೂದಲಾದರೆ ಪಿನ್ನಿಗೇ ಸ್ವಲ್ಪ ಹೇರ್ ಸ್ಪ್ರೇ ಹೊಡೆದು, ಒಣಗಿಸಿ ಬಳಸಿ.

ಪಿನ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಒದ್ದೆ ಕೂದಲಿಗೆ ಬಿಗಿಯಾಗಿ ಹಾಕಬೇಡಿ, ದಿನಾ ಅದೇ ಜಾಗಕ್ಕೂ ಹಾಕಬೇಡಿ. ಒದ್ದೆ ಕೂದಲು ಬೇಗ ತುಂಡಾಗುತ್ತದೆ. ಹಣೆಯ ಅಂಚಿನ ಎಳೆಗಳಂತೂ ಮೊದಲೇ ಸಣ್ಣ. ತುದಿಯ ಪ್ಲಾಸ್ಟಿಕ್ ಗುಂಡು ಕಳಚಿದ ಪಿನ್ ಎಸೆದುಬಿಡಿ. ಪಿನ್ ಇಡುವ ಜಾಗದಲ್ಲೇ ಒಂದೇ ಉದ್ದದ ಮೊಂಡು ಕೂದಲು ಕಾಣಿಸತೊಡಗಿದರೆ ಅದು ಹೊಸದಾಗಿ ಹುಟ್ಟಿದ್ದಲ್ಲ, ತುಂಡಾದದ್ದು. ಹೊಸ ಕೂದಲಿನ ತುದಿ ಚೂಪಾಗಿ ತೆಳುವಾಗುತ್ತದೆ, ತುಂಡಾದದ್ದರ ತುದಿ ಮೊಂಡಾಗಿರುತ್ತದೆ. ಹಾಗಾದರೆ ಪಿನ್ ಜಾಗ ಬದಲಿಸಿ, ಕೆಲವು ವಾರ ಅಗಲವಾದ ಹೇರ್‌ಬ್ಯಾಂಡ್ ಹಾಕಿ.

ನಡುವಿನ ಕೂದಲು ಮೂಗಿನ ತುದಿ ದಾಟಿದ ಮೇಲೆ ಅದಕ್ಕೂ ಕತ್ತರಿ ನಿಲ್ಲಿಸಿ. ಅಲ್ಲಿಂದ ಗದ್ದಕ್ಕೆ ಇನ್ನೂ ಐದಾರು ತಿಂಗಳು. ಆದರೆ ಈಗ ಅದು ಕಿವಿ ಹಿಂದೆ ನಿಲ್ಲುತ್ತದೆ. ಆ ಹೊತ್ತಿಗೆ ಪಕ್ಕದ ಲೇಯರ್ ಕೂಡ ಗದ್ದದಿಂದ ಕೆಳಗೆ ಇಳಿದಿರುತ್ತದೆ. ಮುಂದಿನ ಸಲ ಸಲೂನಿಗೆ ಹೋದಾಗ ಅದರ ತುದಿಯನ್ನಷ್ಟೇ ಫ್ರಿಂಜ್‌ಗೆ ಹೊಂದುವ ಹಾಗೆ ಓರೆ ಮಾಡಿಸಿಕೊಳ್ಳಿ.