ಆಲಮಟ್ಟಿ ತುಂಬಿತೇ? ಶೀರ್ಷಿಕೆಯೇ ಹೇಳಲಿ

ಮಳೆಗಾಲ ಬಂತೆಂದರೆ ವಿಜಯಪುರ, ಬಾಗಲಕೋಟೆಯ ಮೊಬೈಲುಗಳಲ್ಲಿ ಆಲಮಟ್ಟಿ ಜಲಾಶಯದ ಇನ್ಫೋಗ್ರಾಫಿಕ್‌ಗಳು ಓಡಾಡುತ್ತವೆ. ಅಂಕಿಗಳು ಸರಿಯಾಗಿಯೇ ಇರುತ್ತವೆ. ಆದರೂ ನೋಡಿದವರು ‘ಡ್ಯಾಂ ತುಂಬೈತೇನ್ರೀ?’ ಎಂದು ಕೇಳುವುದು ತಪ್ಪುವುದಿಲ್ಲ.

ಮಾದರಿಗೆ ಒಂದು ಕರಡು ನೋಡೋಣ. ಇದರಲ್ಲಿ ಗರಿಷ್ಠ ಮಟ್ಟ, ಸಾಮರ್ಥ್ಯ ಮತ್ತು ಎತ್ತರದ ಪ್ರಸ್ತಾವ ನಿಜದವು. ಉಳಿದ ಅಂಕಿಗಳು ಲೆಕ್ಕಕ್ಕಾಗಿ ಹಾಕಿಕೊಂಡವು. ಶೀರ್ಷಿಕೆ ‘ಆಲಮಟ್ಟಿ: ಒಂದು ನೋಟ’. ನೀರಿನ ಮಟ್ಟ 518 ಮೀಟರ್, ಗರಿಷ್ಠ 519.60. ಸಂಗ್ರಹ 98.46 ಟಿಎಂಸಿ, ಸಾಮರ್ಥ್ಯ 123.08. ಇನ್‌ಫ್ಲೋ 92,600 ಕ್ಯುಸೆಕ್, ಹೊರಹರಿವು 34,700. ಮೂಲೆಯಲ್ಲಿ ಗರಿಷ್ಠ ಮಟ್ಟವನ್ನು 524.256 ಮೀಟರ್‌ಗೆ ಎತ್ತರಿಸುವ ಪ್ರಸ್ತಾವ.

ದೊಡ್ಡ ಎಡವಟ್ಟು ಮಟ್ಟದ ಅಂಕಿಯಲ್ಲಿದೆ. 518ನ್ನು 519.60ರ ಪಕ್ಕ ಕಂಬವಾಗಿ ನಿಲ್ಲಿಸಿದರೆ ಜಲಾಶಯ ಶೇ 99ಕ್ಕೂ ಹೆಚ್ಚು ತುಂಬಿದಂತೆ ಕಾಣುತ್ತದೆ. ಈ ಮೀಟರ್‌ಗಳು ಸಮುದ್ರಮಟ್ಟದಿಂದ ಅಳೆದವು, ಅಣೆಕಟ್ಟೆಯ ತಳದಿಂದಲ್ಲ. ಅದೂ ಅಲ್ಲದೆ ಮೇಲೇರಿದಂತೆ ಜಲಾಶಯ ಅಗಲವಾಗುವುದರಿಂದ ಕೊನೆಯ ಒಂದೂವರೆ ಮೀಟರಿನಲ್ಲೇ ಬಹಳ ನೀರು ಹಿಡಿಯುತ್ತದೆ. ಸಂಗ್ರಹದ ಲೆಕ್ಕದಲ್ಲಿ ತುಂಬಿದ್ದು ಶೇ 80 ಮಾತ್ರ. ಹಾಗಾಗಿ ಕಂಬ ಟಿಎಂಸಿಯದ್ದಿರಲಿ, ಮಟ್ಟ ಅದರ ಕೆಳಗೆ ಸಣ್ಣ ಸಾಲಾಗಿ ಹೋಗಲಿ.

ಮುಂದಿನ ತೊಡಕು: ಸಂಗ್ರಹ ಟಿಎಂಸಿಯಲ್ಲಿ, ಹರಿವು ಕ್ಯುಸೆಕ್‌ನಲ್ಲಿ. ಎರಡನ್ನೂ ಜೋಡಿಸುವ ಕೆಲಸವನ್ನು ಓದುಗನ ತಲೆಗೆ ಕಟ್ಟಬಾರದು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವಿನಲ್ಲಿ ಹೊರಹರಿವು ಕಳೆದರೆ 57,900 ಕ್ಯುಸೆಕ್, ಅಂದರೆ ದಿನಕ್ಕೆ ಸುಮಾರು 5 ಟಿಎಂಸಿ ಏರಿಕೆ. ಹೊರಹರಿವಿನಲ್ಲಿ ನದಿಗೆ ಬಿಟ್ಟಿದ್ದರ ಜೊತೆ ಕಾಲುವೆಯ ನೀರೂ ಸೇರಿದೆಯೇ ಎಂದು ಕೇಳಿಕೊಳ್ಳಿ. ಸೇರದಿದ್ದರೆ ಏರಿಕೆ ಹೆಚ್ಚಾಗಿ ಕಾಣುತ್ತದೆ.

ಈಗ ಶೀರ್ಷಿಕೆ ತಾನಾಗಿ ಬರುತ್ತದೆ: ‘ಆಲಮಟ್ಟಿ ತುಂಬಲು ಇನ್ನೂ 25 ಟಿಎಂಸಿ ಬೇಕು’. ಉಪಶೀರ್ಷಿಕೆ: ‘ಇದೇ ಹರಿವು ಮುಂದುವರಿದರೆ ಸುಮಾರು 5 ದಿನ’. ‘ಮುಂದುವರಿದರೆ’ ಎಂಬುದನ್ನು ಜಾಗ ಸಾಲದೆಂದು ಕತ್ತರಿಸಿದರೆ ಅಂದಾಜು ಭವಿಷ್ಯವಾಣಿಯಾಗುತ್ತದೆ. ಮಹಾರಾಷ್ಟ್ರದ ಕಡೆ ಮಳೆ ನಿಂತರೆ ಐದು ದಿನ ಹದಿನೈದೂ ಆದೀತು.

ಲೇಬಲ್‌ಗಳು ಶೀರ್ಷಿಕೆಯ ಮಾತನ್ನೇ ಆಡಲಿ: ‘ಇರುವುದು 98’, ‘ಬೇಕಿರುವುದು 25’, ‘ಒಟ್ಟು 123’. ದಶಾಂಶ ಬಿಟ್ಟರೂ ಕೂಡಿಸಿದಾಗ ಮೊತ್ತ ತಾಳೆಯಾಗುತ್ತದೆ; ಆಗದಿದ್ದರೆ ಒಂದು ದಶಾಂಶ ಉಳಿಸಿಕೊಳ್ಳಿ. ‘ಇನ್‌ಫ್ಲೋ’ ಪಕ್ಕ ‘ಹೊರಹರಿವು’ ಬೇಡ, ಒಳಹರಿವು ಎಂದೇ ಬರೆಯಿರಿ. 524.256 ಮೀಟರಿನ ಸಂಗತಿ ಎಷ್ಟೇ ಬಿಸಿಯಾಗಿರಲಿ, ಅದು ಬೇರೆ ಚಿತ್ರಕ್ಕೆ ಸೇರಿದ್ದು. ‘ಇಂದು’ ಎಂಬಲ್ಲಿ ತಾರೀಖು, ಗಂಟೆ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಈ ಚಿತ್ರ ಮುಂದಿನ ವಾರವೂ ತಿರುಗುತ್ತಿರುತ್ತದೆ, ಅಷ್ಟರಲ್ಲಿ ಗೇಟು ತೆರೆದಿರಲೂಬಹುದು.