ಮೂರನೇ ವಾರದಲ್ಲೂ ನೋಯುವ ಹೊಲಿಗೆ

ಬಾಣಂತಿಯನ್ನು ನೋಡಲು ಬಂದವರು ಮಗುವಿನ ತೂಕ ಕೇಳುತ್ತಾರೆ, ಹಾಲು ಸಾಲುತ್ತಿದೆಯೇ ಎಂದು ಕೇಳುತ್ತಾರೆ. ಕೆಳಗಿನ ಹೊಲಿಗೆ ಹೇಗಿದೆ ಎಂದು ಕೇಳುವವರು ಕಡಿಮೆ. ನೋವು ಸಹಜವೋ ಸೋಂಕೋ ಎಂಬ ಲೆಕ್ಕಾಚಾರ ಹೀಗಾಗಿ ಅವಳೊಬ್ಬಳ ಪಾಲಿಗೇ ಬೀಳುತ್ತದೆ.

ಯೋನಿ ಮತ್ತು ಗುದದ್ವಾರದ ನಡುವಿನ ಜಾಗ ಹೆರಿಗೆಯಲ್ಲಿ ತಾನಾಗಿ ಹರಿದಿರಬಹುದು, ಇಲ್ಲವೇ ವೈದ್ಯರೇ ಓರೆಯಾಗಿ ಕೊಯ್ದಿರಬಹುದು. ಹೊರಗೆ ಕಾಣುವುದು ಚಿಕ್ಕದೊಂದು ಗೆರೆ ಮಾತ್ರ. ಆದರೆ ಯೋನಿಯ ಒಳಪದರ, ಅದರಡಿಯ ಸ್ನಾಯು, ಹೊರಚರ್ಮ ಎಂದು ಪದರ ಪದರವಾಗಿ ಹೊಲಿಗೆ ಬಿದ್ದಿರುತ್ತದೆ. ದಾರ ತಾನಾಗಿ ಕರಗುವಂಥದ್ದು. ಬೇಗ ಕರಗುವ ಬಗೆಯದಾದರೆ ಎರಡು ವಾರಕ್ಕೆ ಬಿಗಿ ಕಳೆದುಕೊಂಡು ಸುಮಾರು ಆರು ವಾರದಲ್ಲಿ ಇಲ್ಲವಾಗುತ್ತದೆ. ಉಳಿದವು ಎರಡು-ಮೂರು ತಿಂಗಳು ತೆಗೆದುಕೊಳ್ಳುತ್ತವೆ. ಚರ್ಮ ಕೂಡಿಕೊಂಡ ಮೇಲೂ ಒಳಗಿನ ಸ್ನಾಯು ಮಾಗುತ್ತಲೇ ಇರುತ್ತದೆ. ಆದ್ದರಿಂದ ಮೂರನೇ ವಾರದಲ್ಲಿ ನೋವಿದೆ ಎಂಬುದೊಂದರಿಂದಲೇ ಏನನ್ನೂ ಹೇಳಲಾಗದು. ನೋವು ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ನೋಡಬೇಕು.

ಒಬ್ಬ ಬಾಣಂತಿಯನ್ನು ಊಹಿಸಿಕೊಳ್ಳೋಣ. ಮೊದಲ ನಾಲ್ಕು ದಿನ ಅವಳಿಗೆ ಕೂರಲೂ ಕಷ್ಟ, ಮೂತ್ರ ತಾಗಿದರೆ ಉರಿ. ವಾರ ಕಳೆಯುವ ಹೊತ್ತಿಗೆ ಮಾತ್ರೆಯಿಲ್ಲದೆ ರಾತ್ರಿ ಮಲಗಬಲ್ಲಳು. ಹನ್ನೆರಡನೇ ದಿನ ಪ್ಯಾಡಿನ ಮೇಲೆ ದಾರದ ಚೂರೊಂದು ಬೀಳುತ್ತದೆ. ಹೊಲಿಗೆ ಬಿಚ್ಚಿತೆಂದು ಗಾಬರಿ. ಅದು ಬಿಗಿ ಕಳೆದ ದಾರದ ತುದಿ, ಅಷ್ಟೇ. ಮೂರನೇ ವಾರದಲ್ಲಿ ತುರಿಕೆ, ಎದ್ದು ಕೂರುವಾಗ ಜಗ್ಗಿದಂತಾಗುವುದು, ಹೆಚ್ಚು ಓಡಾಡಿದ ದಿನ ಸಂಜೆ ಭಾರ. ಮಲಗಿದರೆ ಇಳಿಯುತ್ತದೆ. ಇದು ಮಾಗುತ್ತಿರುವ ಗಾಯದ ನೋವು.

ಈಗ ಅದೇ ಕಥೆಯನ್ನು ಏಳನೇ ದಿನದಿಂದ ಬೇರೆ ದಾರಿಗೆ ತಿರುಗಿಸೋಣ. ಇಳಿಯುತ್ತಿದ್ದ ನೋವು ಮತ್ತೆ ಏರುತ್ತದೆ, ಮಿಡಿಯುತ್ತದೆ, ಮಲಗಿದರೂ ಬಿಡುವುದಿಲ್ಲ. ಗೆರೆಯ ಸುತ್ತ ಕೆಂಪು ಹರಡಿ ಮುಟ್ಟಿದರೆ ಬಿಸಿ. ಒಂದು ಬದಿ ಊದಿ ಗಟ್ಟಿಯಾಗಿದೆ. ಗಾಯದೊಳಗೆ ನಿಂತ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಕೆಲವು ದಿನ ಬೇಕಾಗುವುದರಿಂದ, ಸೋಂಕು ಹೆಚ್ಚಾಗಿ ಮೊದಲೆರಡು ವಾರದಲ್ಲೇ ಹೀಗೆ ತಲೆಯೆತ್ತುತ್ತದೆ. ತಡವಾಗಿ ಬರುವುದೇ ಇಲ್ಲವೆಂದಲ್ಲ.

ಹೆಚ್ಚು ಜನರನ್ನು ಗೊಂದಲಕ್ಕೆ ಕೆಡವುವುದು ಸ್ರಾವ. ಹೆರಿಗೆಯ ನಂತರ ಗರ್ಭಕೋಶದಿಂದ ಬರುವ ಸ್ರಾವ ಕೆಂಪಿನಿಂದ ಕಂದಿಗೆ, ಹತ್ತು ದಿನ ದಾಟಿದ ಮೇಲೆ ಹಳದಿ ಬಿಳುಪಿಗೆ ತಿರುಗಿ ಐದಾರು ವಾರದವರೆಗೂ ಇರಬಹುದು. ಅದನ್ನೇ ಕೀವೆಂದು ಹೆದರುವವರಿದ್ದಾರೆ. ಕೀವನ್ನು ಸ್ರಾವವೆಂದು ಸುಮ್ಮನಿರುವವರೂ ಇದ್ದಾರೆ, ಇದು ಹೆಚ್ಚು ಅಪಾಯ. ತೊಳೆದು ಒರೆಸಿ, ಕನ್ನಡಿ ಹಿಡಿದು ನೋಡಿದರೆ ಕೀವು ಹೊಲಿಗೆಯ ಗೆರೆಯಿಂದಲೇ ಜಿನುಗುವುದು ಕಾಣುತ್ತದೆ. ಗಾಯ ಬಾಯಿಬಿಟ್ಟಿದ್ದರೂ ತಿಳಿಯುತ್ತದೆ. ಮುಟ್ಟಿನ ರಕ್ತದಂಥ ವಾಸನೆ ಸಹಜ. ಕೊಳೆತ ನಾತ ಸಹಜವಲ್ಲ; ಗಾಯ ಚೆನ್ನಾಗಿ ಕಂಡರೂ ಅದನ್ನು ತೋರಿಸಬೇಕು, ಏಕೆಂದರೆ ಸೋಂಕು ಗರ್ಭಕೋಶದಲ್ಲಿರಬಹುದು, ಅಪರೂಪಕ್ಕೆ ಹೊಲಿಗೆಯ ವೇಳೆ ಇಟ್ಟ ಬಟ್ಟೆ ಒಳಗೇ ಉಳಿದಿರಬಹುದು.

38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರವನ್ನು ಎದೆಯಲ್ಲಿ ಹಾಲು ಕಟ್ಟಿದ್ದಕ್ಕೆ ಬಂತೆಂದು ಮನೆಯಲ್ಲೇ ತೀರ್ಮಾನಿಸಬಾರದು. ನೋವಿಗೆ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್ ಜ್ವರವನ್ನೂ ಮುಚ್ಚಿಡುತ್ತದೆ. ಮುಂದಿನ ಮಾತ್ರೆಗೆ ಮುಂಚೆ ಅಳೆದರೆ ನಿಜ ತಿಳಿಯುತ್ತದೆ. ಜ್ವರದ ಜೊತೆ ನಡುಕ, ಎದೆಬಡಿತ, ತಲೆಸುತ್ತು ಇದ್ದರೆ, ಅಥವಾ ಹೊರಗೆ ಕಾಣುವುದಕ್ಕಿಂತ ನೋವು ತೀರಾ ಹೆಚ್ಚಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಗಾಳಿಯೋ ಮಲವೋ ತಡೆಯಲಾಗದೆ ಹೋಗುತ್ತಿದ್ದರೆ ಜ್ವರವಿಲ್ಲದಿದ್ದರೂ ತಡಮಾಡದೆ ವೈದ್ಯರಿಗೆ ಹೇಳಬೇಕು.

ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರನ್ನು ಅಳೆದು ಕೊಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಮಲ ಗಟ್ಟಿಯಾಗಿ, ಮುಕ್ಕಿರಿದಾಗಲೆಲ್ಲ ಹೊಲಿಗೆ ಜಗ್ಗುತ್ತದೆ. ಮೂರನೇ ವಾರದ ಎಷ್ಟೋ ನೋವಿಗೆ ಇದೇ ಮೂಲ. ಎರೆದುಕೊಳ್ಳುವ ಬಿಸಿನೀರಿಗೆ ತಕರಾರಿಲ್ಲ, ಆದರೆ ಗಾಯದ ಮೇಲೆ ಸುಡುನೀರು ಎರಚುವುದು, ಕೆಂಡದ ಹೊಗೆ ಹಿಡಿಯುವುದು, ಅರಿಶಿನ ಮೆತ್ತುವುದು ಬೇಡ. ಉಗುರುಬೆಚ್ಚಗಿನ ಶುದ್ಧ ನೀರಲ್ಲಿ ತೊಳೆದು, ಒತ್ತಿ ಒರೆಸಿ ಒಣಗಿಸಿದರೆ ಸಾಕು.

ಜ್ವರವೂ ಕೀವೂ ಇಲ್ಲದೆ ಆರು ವಾರ ದಾಟಿದ ಮೇಲೂ ಒಂದೇ ಚುಕ್ಕಿಯಲ್ಲಿ ನೋವು, ಮುಟ್ಟಿದರೆ ರಕ್ತದ ಕಲೆ ಎಂದರೆ ಗಾಯದ ಮೇಲೆ ಮೃದುವಾದ ಕೆಂಪು ಮಾಂಸ ಅತಿಯಾಗಿ ಬೆಳೆದಿರಬಹುದು. ಅದು ಸಾಮಾನ್ಯವಾಗಿ ಸೋಂಕಲ್ಲ. ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿ ವೈದ್ಯರು ಅದನ್ನು ಹೊರರೋಗಿ ವಿಭಾಗದಲ್ಲೇ ಸರಿಪಡಿಸಬಲ್ಲರು. ಸೋಂಕಿನಿಂದ ಬಾಯಿಬಿಟ್ಟ ಗಾಯವನ್ನು ಕೂಡಲೇ ಮತ್ತೆ ಹೊಲಿಯುವುದಿಲ್ಲ. ಹೊಲಿದರೆ ಕೀವು ಒಳಗೇ ಸಿಕ್ಕಿಕೊಳ್ಳುತ್ತದೆ. ಶುಚಿಗೊಳಿಸಿ, ಔಷಧ ಕೊಟ್ಟು, ಸಾಮಾನ್ಯವಾಗಿ ತಳದಿಂದ ತಾನಾಗಿ ತುಂಬಿಕೊಳ್ಳಲು ಬಿಡುತ್ತಾರೆ. ಅದಕ್ಕೆ ಕೆಲವು ವಾರ ಹಿಡಿಯುತ್ತದೆ.